ಜನರೇಟರ್ ತರುವವರು ಯಾರು?

ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಆಡಳಿತ ಮಂಡಳಿ ಜೂನ್ 5ರಂದು ಸಭೆ ಸೇರಿತ್ತು ಎಂದುಕೊಳ್ಳಿ. ಕರೆಂಟು ಹೋದಾಗ ಹಾಲು ತಣ್ಣಗಿಡುವ ಘಟಕವನ್ನು ನಡೆಸಬೇಕಾದ ಜನರೇಟರ್ ಪದೇ ಪದೇ ಕೆಡುತ್ತಿದೆ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಳಿಸದಿದ್ದರೆ ಟ್ಯಾಂಕರ್ ಬರುವ ಹೊತ್ತಿಗೆ ಕೆಟ್ಟುಹೋಗುವ ಭಯ. ಅರ್ಧ ಗಂಟೆ ಬಿಸಿಬಿಸಿ ಚರ್ಚೆಯಾಯಿತು. ಎಲ್ಲರೂ ಒಪ್ಪಿ ಎದ್ದರು. ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಹೀಗೆ ಬರೆದರು:

‘ವಿಷಯ 3: ಜನರೇಟರ್ ಬಗ್ಗೆ ಚರ್ಚಿಸಲಾಯಿತು. ದುರಸ್ತಿ ವೆಚ್ಚ ಹೆಚ್ಚುತ್ತಿರುವುದರಿಂದ ಹೊಸದು ಕೊಳ್ಳುವುದು ಸೂಕ್ತವೆಂದು ಸದಸ್ಯರು ಅಭಿಪ್ರಾಯಪಟ್ಟರು. ಕೊಟೇಷನ್ ಪಡೆದು ಶೀಘ್ರವೇ ಮುಂದಿನ ಕ್ರಮ ಕೈಗೊಳ್ಳಲು ತಿಳಿಸಲಾಯಿತು.’

ಓದಲು ಅಚ್ಚುಕಟ್ಟಾಗಿದೆ. ಆದರೆ ಈ ಬರಹವನ್ನು ಹಿಡಿದು ಯಾರೂ ಒಂದು ಹೆಜ್ಜೆ ಮುಂದಿಡಲಾರರು. ಸಹಿ ಬೀಳುವ ಮೊದಲೇ ಇದನ್ನು ಪರೀಕ್ಷಿಸಬೇಕು.

ಮೊದಲು ತೀರ್ಮಾನವನ್ನು ಹುಡುಕಿ. ಕಾರ್ಯಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು, ತೀರ್ಮಾನ ಕೇಳಿದ್ದ ಪ್ರತಿ ವಿಷಯದ ಎದುರು ಮೂರರಲ್ಲಿ ಒಂದು ಉತ್ತರ ಸಿಗುತ್ತದೆಯೇ ನೋಡಿ: ಒಪ್ಪಿದರು, ತಿರಸ್ಕರಿಸಿದರು, ಇಲ್ಲವೇ ಇಂಥ ಸಭೆಗೆ ಮುಂದೂಡಿದರು. ಇಲ್ಲಿ ಸಿಗುವುದು ‘ಅಭಿಪ್ರಾಯಪಟ್ಟರು’ ಮಾತ್ರ. ಅಭಿಪ್ರಾಯ ಠರಾವಲ್ಲ. ಆದರೂ ಮುಂದಿನ ವಾಕ್ಯ ಕೊಟೇಷನ್ ತರಿಸಲು ಹೇಳುತ್ತದೆ. ಕೊಳ್ಳುವುದೆಂದು ಯಾರೂ ತೀರ್ಮಾನಿಸದೆ ಕೊಟೇಷನ್ ಏಕೆ? ಕಾರಣ ಹೇಳದೆ ಕೆಲಸವೊಂದು ಕಾಣಿಸಿಕೊಂಡರೆ, ಅದರ ಹಿಂದೆ ಬರೆಯದೆ ಬಿಟ್ಟ ತೀರ್ಮಾನ ಇರುವ ಸಂಭವ ಹೆಚ್ಚು. ನನ್ನ ಮಟ್ಟಿಗೆ ಪರಿಶೀಲಕರಿಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಹಿಂದಿನ ತಿಂಗಳ ನಡಾವಳಿಯನ್ನೂ ತೆರೆದಿಡಬೇಕು. ಅಲ್ಲಿ ‘ಮುಂದಿನ ಸಭೆಗೆ’ ಎಂದು ತಳ್ಳಿದ ವಿಷಯ ಈ ಸಭೆಯಲ್ಲಿ ಸದ್ದಿಲ್ಲದೆ ಮಾಯವಾಗಿರುವುದುಂಟು.

ಬಿಟ್ಟುಹೋದ ತೀರ್ಮಾನ ದುಡ್ಡಿನದಾದರೆ ಪೆಟ್ಟು ಜೋರು. ಖರ್ಚಿನ ಮಿತಿ ಎರಡೂವರೆ ಲಕ್ಷ ರೂಪಾಯಿ ಎಂದು ಸಭೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿದ್ದರೂ, ಪುಸ್ತಕದಲ್ಲಿ ಇಲ್ಲದಿದ್ದರೆ ಲೆಕ್ಕಪರಿಶೋಧಕರು ವೋಚರ್ ಹಿಡಿದು ‘ಇದಕ್ಕೆ ಠರಾವು ಎಲ್ಲಿ?’ ಎಂದು ಕೇಳುವುದು ಕಾರ್ಯದರ್ಶಿಯನ್ನೇ.

ಇನ್ನು ಕೆಲಸ ಯಾರದು? ‘ತಿಳಿಸಲಾಯಿತು’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕ್ರಿಯಾಪದಗಳು ಮಾಡುವವರ ಹೆಸರಿಲ್ಲದೆಯೇ ಪೂರ್ಣವಾಗಿಬಿಡುತ್ತವೆ, ಹಾಗಾಗಿ ಓದುವವರಿಗೆ ಏನೂ ಕೊರತೆ ಕಾಣುವುದಿಲ್ಲ. ಇಂಥ ಪ್ರತಿ ಕ್ರಿಯಾಪದದ ಕೆಳಗೂ ಪೆನ್ಸಿಲ್ ಗೆರೆ ಎಳೆದು ‘ಯಾರು?’ ಎಂದು ಬರೆಯಿರಿ. ‘ಅಧ್ಯಕ್ಷರು ಮತ್ತು ನಿರ್ದೇಶಕರು’ ಎಂಬ ಉತ್ತರವೂ ಸಾಲದು. ಒಬ್ಬರು ಮಾಡುತ್ತಾರೆಂದು ಇನ್ನೊಬ್ಬರು ಸುಮ್ಮನಿರುತ್ತಾರೆ. ನೆರವಿಗೆ ಎಷ್ಟು ಜನರಾದರೂ ಇರಲಿ, ಉತ್ತರ ಕೊಡಬೇಕಾದವರು ಒಬ್ಬರೇ ಇರಬೇಕು. ಹೆಸರು ಸಿಕ್ಕ ಮೇಲೆ ಹಾಜರಿ ಸಹಿಗಳನ್ನೂ ನೋಡಿ. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟಿದ್ದರೆ ಅದು ಅವರಿಗೆ ಗೊತ್ತೇ ಇರಲಿಕ್ಕಿಲ್ಲ.

ಗಡುವಿನ ವಿಷಯದಲ್ಲಿ ‘ಶೀಘ್ರವೇ’, ‘ಆದಷ್ಟು ಬೇಗ’ ಎಂಬುವನ್ನು ಖಾಲಿ ಜಾಗವೆಂದೇ ಎಣಿಸಬೇಕು. ತಾರೀಖು ಇದ್ದರೂ ಅದು ಹೊಂದುತ್ತದೆಯೇ ಎಂದು ಹಿಂದಿನಿಂದ ಲೆಕ್ಕ ಹಾಕಿ. ಜುಲೈ 5ರ ಸಭೆಯಲ್ಲಿ ದರ ಒಪ್ಪಬೇಕಾದರೆ ಕೊಟೇಷನ್‌ಗಳನ್ನು ಹೋಲಿಸಿದ ಪಟ್ಟಿ ನೋಟಿಸಿನ ಜತೆ ಜೂನ್ 27ರೊಳಗೆ ಹೋಗಬೇಕು. ಹಾಗಾದರೆ ಕೊಟೇಷನ್‌ಗಳು ಜೂನ್ 20ಕ್ಕೆ ಕೈಗೆ ಬರಬೇಕು. ಕೊಟೇಷನ್‌ಗೂ ಅವಧಿ ಇರುತ್ತದೆ. ಅದು ಮುಗಿದ ಮೇಲೆ ಕೊಳ್ಳಲು ಹೊರಟರೆ ಅಂಗಡಿಯವರು ಹಳೆಯ ದರಕ್ಕೆ ಕೊಡಬೇಕೆಂದಿಲ್ಲ.

ಇಷ್ಟಾದ ಮೇಲೆ ಪರಿಶೀಲಕರು ಖಾಲಿ ಜಾಗಗಳನ್ನು ತಾವೇ ತುಂಬಬಾರದು. ಸಭೆ ತೆಗೆದುಕೊಳ್ಳದ ತೀರ್ಮಾನವನ್ನು ಒಳ್ಳೆಯ ಉದ್ದೇಶದಿಂದ ಸೇರಿಸಿದರೂ ಅದು ಸುಳ್ಳು ದಾಖಲೆಯೇ. ನೆನಪು ಹಸಿಯಾಗಿರುವಾಗಲೇ, ಅಂದರೆ ಅದೇ ದಿನ ಇಲ್ಲವೇ ಮರುದಿನ, ಅಧ್ಯಕ್ಷರನ್ನೂ ಸಭೆಯಲ್ಲಿದ್ದವರನ್ನೂ ಕೇಳಬೇಕು: ‘ಕೊಳ್ಳುವುದೆಂದು ಒಪ್ಪಿದಿರಾ? ಮಿತಿ ಎಷ್ಟು? ಕೊಟೇಷನ್ ತರುವವರು ಯಾರು, ಯಾವತ್ತಿಗೆ?’ ಅವರು ಹೌದೆಂದರೆ ಬರಹ ಹೀಗಾಗುತ್ತದೆ:

‘ಎರಡೂವರೆ ಲಕ್ಷ ರೂಪಾಯಿ ಮೀರದಂತೆ ಹೊಸ ಜನರೇಟರ್ ಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಕಾರ್ಯದರ್ಶಿಯವರು ಜೂನ್ 20ರೊಳಗೆ ಮೂರು ಕೊಟೇಷನ್ ಪಡೆದು, ಜೂನ್ 27ರೊಳಗೆ ಹೋಲಿಕೆ ಪಟ್ಟಿಯನ್ನು ಸದಸ್ಯರಿಗೆ ಕಳುಹಿಸಿ, ಜುಲೈ 5ರ ಸಭೆಯಲ್ಲಿ ಮಂಡಿಸುವುದು.’

‘ಮಿತಿಯ ಮಾತೇ ಬಂದಿರಲಿಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನು ಬರೆಯುವಂತಿಲ್ಲ. ಮಿತಿ ನಿಗದಿಯನ್ನು ಮುಂದಿನ ಕಾರ್ಯಸೂಚಿಗೆ ಸೇರಿಸಬೇಕು. ನಡಾವಳಿಗೆ ಆಗಲೇ ಸಹಿ ಬಿದ್ದಿದ್ದರೆ ಸಾಲು ಹೊಡೆದು ತಿದ್ದುವುದೂ ಸಲ್ಲ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ದೃಢೀಕರಿಸುವಾಗ ತಿದ್ದುಪಡಿಯನ್ನು ಸಭೆಯ ಮುಂದಿಟ್ಟು ಒಪ್ಪಿಗೆ ಪಡೆದು, ಆ ದಿನದ ನಡಾವಳಿಯಲ್ಲಿ ಬರೆಯಬೇಕು.