ನಗು ಕೈಯಲ್ಲಿತ್ತು

ಎರಡು ತಿಂಗಳು ತುಂಬುವ ಹೊತ್ತಿಗೆ ಕೂಸು ಮುಖ ನೋಡಿ ನಗಲು ಶುರು ಮಾಡುತ್ತದೆ. ‘ನನ್ನ ಗುರುತು ಸಿಕ್ಕಿತು ನೋಡು’ ಎಂದು ಅಜ್ಜಿ ಹಿಗ್ಗುತ್ತಾಳೆ. ಆ ಹಿಗ್ಗಿಗೆ ಸ್ವಲ್ಪ ತಣ್ಣೀರೆರಚಿದವರು ಮನೋವೈದ್ಯ ರೆನೆ ಸ್ಪಿಟ್ಸ್. 1946ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಆರು ತಿಂಗಳ ಕೂಸುಗಳು ಗುರುತು ಪರಿಚಯವಿಲ್ಲದವರು ತಲೆಯಾಡಿಸಿದರೂ ನಕ್ಕವು, ಮುಖವಾಡ ಹಾಕಿಕೊಂಡು ತಲೆಯಾಡಿಸಿದರೂ ನಕ್ಕವು. ಅದೇ ಮುಖ ಪಕ್ಕಕ್ಕೆ ತಿರುಗಿ ಒಂದು ಕಣ್ಣು ಮರೆಯಾದರೆ ನಗು ಆರಿಹೋಗುತ್ತಿತ್ತು. ಎರಡು ಕಣ್ಣು, ಹಣೆ, ಮೂಗು ಎದುರಿಗಿದ್ದು ಅಲುಗಾಡಿದರೆ ಸಾಕು, ಆ ವಯಸ್ಸಿನ ನಗುವಿಗೆ ಬೇರೇನೂ ಬೇಡ.

ಹಾಗಾದರೆ ಕಣ್ಣೇ ಕಾಣದ ಕೂಸು ಬಂದವರನ್ನು ಹೇಗೆ ಮಾತಾಡಿಸುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸೆಲ್ಮಾ ಫ್ರೈಬರ್ಗ್. 1960ರ ದಶಕದಲ್ಲಿ ಅವರ ತಂಡ, ಹುಟ್ಟಿನಿಂದ ದೃಷ್ಟಿಯಿಲ್ಲದ, ಆದರೆ ಬೇರೆ ತೊಂದರೆಯಿಲ್ಲದ ಹತ್ತು ಕೂಸುಗಳ ಮನೆಗೆ ಮತ್ತೆ ಮತ್ತೆ ಹೋಗಿ, ಅವು ಬೆಳೆಯುವುದನ್ನು ಫಿಲ್ಮಿನಲ್ಲಿ ಹಿಡಿಯಿತು. ಅಮ್ಮನ ದನಿಗೆ ಈ ಕೂಸುಗಳೂ ನಗುತ್ತಿದ್ದವು. ಆದರೆ ಆ ನಗುವನ್ನು ನೆಚ್ಚುವಂತಿರಲಿಲ್ಲ. ಒಮ್ಮೆ ಕರೆದರೆ ನಗು, ಇನ್ನೊಮ್ಮೆ ಕರೆದರೆ ಸುಮ್ಮನೆ. ತಾವಾಗಿಯೇ ನಕ್ಕು ಯಾರನ್ನೂ ಬರಮಾಡಿಕೊಳ್ಳುತ್ತಿರಲಿಲ್ಲ. ಕಚಗುಳಿ ಇಟ್ಟು, ಎತ್ತಿ ಕುಣಿಸಿದರೆ ಮಾತ್ರ ನಗು ತಪ್ಪದೆ ಬರುತ್ತಿತ್ತು. ತಾಯಂದಿರು ಮೈ ಹಿಡಿದು ಅಷ್ಟೊಂದು ಆಡಿಸುತ್ತಿದ್ದುದು ಏಕೆಂದು ಆಗ ಅರ್ಥವಾಯಿತು: ಅವರು ಆ ನಗುವನ್ನು ಹುಡುಕುತ್ತಿದ್ದರು.

ಫ್ರೈಬರ್ಗ್ ತಮ್ಮಲ್ಲೂ ಒಂದು ಬದಲಾವಣೆ ಗಮನಿಸಿದರು. ಎದುರಿನ ಕಣ್ಣು ಉತ್ತರ ಕೊಡದಿದ್ದಾಗ ಅವರಿಗೇ ಮಾತು ಸಾಗುತ್ತಿರಲಿಲ್ಲ. ನೋಡುವ ಕೂಸಿನೊಡನೆ ಆಡಿದಷ್ಟು ಮಾತು ಇವುಗಳೊಡನೆ ಬರುತ್ತಿರಲಿಲ್ಲ. ಇಷ್ಟು ತಿಳಿದವರಿಗೇ ಹೀಗಾದರೆ ಹೆತ್ತವರ ಪಾಡೇನು? ‘ಇದಕ್ಕೆ ನಾವು ಬೇಕಾಗಿಯೇ ಇಲ್ಲ’ ಎನಿಸುವುದು ಸಹಜ.

ಉತ್ತರ ಫಿಲ್ಮಿನಲ್ಲೇ ಇತ್ತು, ಅವರು ನೋಡುತ್ತಿದ್ದ ಜಾಗದಲ್ಲಿ ಮಾತ್ರ ಇರಲಿಲ್ಲ. ಮುಖ ಬಿಟ್ಟು ಕೈ ನೋಡಿದಾಗ ಕತೆಯೇ ಬೇರೆಯಾಯಿತು. ಆಟಿಕೆ ಕೈಜಾರಿದಾಗ ಮುಖದಲ್ಲಿ ಏನೂ ಇಲ್ಲ, ಬೆರಳುಗಳು ಮಾತ್ರ ತಡಕಾಡುತ್ತಿವೆ. ಅಮ್ಮ ಎತ್ತಿಕೊಂಡಾಗ ಮುಖ ಹಾಗೇ ಇದೆ, ಕೈಗಳು ಅವಳ ಮುಖವನ್ನು ಸವರಿ ಗುರುತು ಹಿಡಿಯುತ್ತಿವೆ. ಬೇರೆ ಕೂಸುಗಳು ಕಣ್ಣಲ್ಲಿ ಆಡುವುದನ್ನು ಇವು ಬೆರಳಲ್ಲಿ ಆಡುತ್ತಿದ್ದವು. ತಂಡ ಹೆತ್ತವರಿಗೆ ಕಲಿಸಿದ್ದು ಇದನ್ನೇ: ಮುಖಕ್ಕೆ ಕಾಯಬೇಡಿ, ಕೈ ಓದಿ, ಅದಕ್ಕೆ ಉತ್ತರ ಕೊಡಿ.

ಕೈಬೀಸುವುದೂ ಹೀಗೆ ಇನ್ನೊಬ್ಬರ ನೆರವಿನಿಂದಲೇ ಕುದುರುತ್ತದೆ. ಒಂಬತ್ತು ತಿಂಗಳಿಂದ ವರ್ಷದೊಳಗೆ ಹೆಚ್ಚಿನ ಮಕ್ಕಳು ‘ಟಾಟಾ’ ಮಾಡುತ್ತವೆ. ಮೊದಮೊದಲು ಕೆಲವು ಅಂಗೈಯನ್ನು ತಮ್ಮ ಕಡೆಗೇ ತಿರುಗಿಸಿ ಬೀಸುವುದುಂಟು. ಎದುರಿನವರ ಅಂಗೈ ಅವಕ್ಕೆ ಕಾಣುವುದೇ ಹಾಗೆ. ಕಾಣದ ಮಗುವಿಗಾದರೆ ಕೈ ಹಿಡಿದು ಬೀಸಿಸಿ, ಜೊತೆಗೆ ಮಾತೂ ಹೇಳಬೇಕು.

ಇನ್ನು ಮಾತು. ‘ಬೆಕ್ಕು’ ಎನ್ನುವುದನ್ನು ಬೆಕ್ಕು ತೋರಿಸಿ ಕಲಿಸುತ್ತೇವೆ. ‘ನಮಸ್ಕಾರ’ಕ್ಕೆ ಏನು ತೋರಿಸುವುದು? 1980ರಲ್ಲಿ ಎಸ್ತರ್ ಗ್ರೈಫ್ ಮತ್ತು ಜೀನ್ ಬರ್ಕೋ ಗ್ಲೀಸನ್ ಪ್ರಕಟಿಸಿದ ಅಧ್ಯಯನದಲ್ಲಿ ಎರಡರಿಂದ ಐದು ವರ್ಷದ 22 ಮಕ್ಕಳು ಅಪ್ಪ ಅಥವಾ ಅಮ್ಮನ ಜೊತೆ ಆಡುತ್ತಿರುವಾಗ ಒಬ್ಬರು ಒಳಗೆ ಬಂದು, ಮಾತಾಡಿಸಿ, ಉಡುಗೊರೆ ಕೊಟ್ಟು ಹೊರಡುತ್ತಿದ್ದರು. ಮಕ್ಕಳು ತಾವಾಗಿ ಬಾಯಿಬಿಟ್ಟದ್ದು ಅಪರೂಪ. ಹೆತ್ತವರು ಅರ್ಥ ವಿವರಿಸುವ ಗೋಜಿಗೆ ಹೋಗದೆ ‘ಹೇಳು, ಹೇಳು’ ಎಂದೇ ಹೇಳಿಸುತ್ತಿದ್ದರು, ಅದರಲ್ಲೂ ಉಡುಗೊರೆಗೆ ಧನ್ಯವಾದ ಹೇಳುವಾಗ. ಈ ಒತ್ತಾಯ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಇತ್ತು. ಆದರೆ ಬಂದವರಿಗೆ ತಾವೇ ಧನ್ಯವಾದ ಹೇಳಿ ಬೀಳ್ಕೊಟ್ಟವರಲ್ಲಿ ಅಪ್ಪಂದಿರಿಗಿಂತ ಅಮ್ಮಂದಿರೇ ಹೆಚ್ಚು. ಮಗುವಿನ ಕಣ್ಣಿಗೆ ಅದೂ ಪಾಠವೇ.

ನಮ್ಮ ‘ಮಾಮಿಗೆ ಕೈ ಮುಗಿ’, ‘ತಾತಂಗೆ ಟಾಟಾ ಮಾಡು’ ಎಲ್ಲ ಇದೇ ದಾರಿ. ಮೊದಲು ಮಾಡಿಸುವುದು, ಅರ್ಥ ಆಮೇಲೆ.

ಮೂರು ತಿಂಗಳಾದರೂ ನಗದಿದ್ದರೆ, ವರ್ಷವಾದರೂ ಕೈಬೀಸುವುದು, ಬೆರಳು ಮಾಡಿ ತೋರಿಸುವುದು ಯಾವುದೂ ಇಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ವಯಸ್ಸನ್ನು ಡಾಕ್ಟರು ಕೊಟ್ಟಿದ್ದ ಹೆರಿಗೆಯ ದಿನದಿಂದ ಎಣಿಸುವುದು ಸರಿ. ತೋರಿಸುವ ಮುಂಚೆ ಒಂದೆರಡು ದಿನ ಕೂಸಿನ ಮುಖದ ಜೊತೆಗೆ ಕೈಯನ್ನೂ ಗಮನಿಸಿ. ಅಲ್ಲಿ ಕಂಡದ್ದನ್ನೂ ಡಾಕ್ಟರಿಗೆ ಹೇಳಿ.