ಸೊಂಟ ನೋಯುತ್ತಿದೆ, ಮೂತ್ರ ಯಾಕೆ ನಿಂತಿತು?

ನಿಮ್ಮ ಬೆನ್ನುಹುರಿ ಎಲ್ಲಿಗೆ ಮುಗಿಯುತ್ತದೆ? ಊಹಿಸಿ ನೋಡೋಣ!

ಬೆನ್ನಿನ ತುದಿಗೆ ಅಂದಿರಾ? ಅಲ್ಲ! ದೊಡ್ಡವರಲ್ಲಿ ಅದು ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಬರೀ ನರದ ಎಳೆಗಳು. ಕುದುರೆಯ ಬಾಲದ ಹಾಗೆ ಗೊಂಚಲಾಗಿ ಇಳಿಬಿದ್ದಿವೆ! ಅಂಚಿನ ಎಳೆಗಳು ಕಾಲಿಗೆ. ನಡುವಿನವು? ಮೂತ್ರಕೋಶಕ್ಕೆ, ಮಲದ್ವಾರಕ್ಕೆ!

ಈಗ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 42. ಮೂರು ವಾರದಿಂದ ಸೊಂಟನೋವು, ಎಡಗಾಲಿಗೆ ಸೆಳೆತ. ಒಂದು ಸಂಜೆ ಅಕ್ಕಿ ಮೂಟೆ ಎತ್ತಿದರು. ರಾತ್ರಿಗೆ ಎರಡೂ ಕಾಲು ಜೋಮು! ಬೆಳಿಗ್ಗೆ ಶೌಚಾಲಯದಲ್ಲಿ ಎಷ್ಟು ತಿಣುಕಿದರೂ ಮೂತ್ರ ಇಳಿಯುತ್ತಿಲ್ಲ. ತೊಳೆದುಕೊಂಡರೆ ನೀರು ಮುಟ್ಟಿದ್ದೇ ಗೊತ್ತಾಗುತ್ತಿಲ್ಲ!

ಸಾಮಾನ್ಯವಾಗಿ 300ರಿಂದ 500 ಮಿಲಿಲೀಟರ್ ತುಂಬುವ ಹೊತ್ತಿಗೆ ನಾವು ಎದ್ದು ಓಡುತ್ತೇವೆ. ಇವರ ಮೂತ್ರಕೋಶವನ್ನು ಸ್ಕ್ಯಾನ್ ಮಾಡಿದರೆ ಎಷ್ಟಿತ್ತು ಗೊತ್ತೇ?

800! ಆದರೂ ಅವಸರವಿಲ್ಲ, ನೋವಿಲ್ಲ! ತುಂಬಿದೆ ಎಂಬ ಸುದ್ದಿ ಹೊರುವ ನರವೇ ಅದುಮಿಹೋಗಿದೆ.

ಇನ್ನೊಂದು ಅಚ್ಚರಿ ಕೇಳಿ. ಕೆಲವರಿಗೆ ಮೂತ್ರ ಕಟ್ಟುವುದಿಲ್ಲ, ಹನಿಹನಿಯಾಗಿ ಸೋರುತ್ತದೆ. ಮೂತ್ರಕೋಶ ಖಾಲಿಯಾಗುತ್ತಿದೆ ಅಂದುಕೊಳ್ಳುತ್ತೀರಿ. ಎಷ್ಟೋ ಸಲ ಅದು ತುಂಬಿ ತುಳುಕುತ್ತಿರುತ್ತದೆ!

ಒತ್ತುತ್ತಿರುವುದು ಯಾರು? ಹೆಚ್ಚಾಗಿ ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳಲ್ಲಿ ಒಂದು. ಪಕ್ಕಕ್ಕೆ ಉಬ್ಬಿದರೆ ಒಂದು ಕಾಲು ಸೆಳೆಯುತ್ತದೆ. ನಟ್ಟನಡುವೆ ದೊಡ್ಡದಾಗಿ ಜಾರಿದರೆ ಇಡೀ ಗೊಂಚಲೇ ಅಪ್ಪಚ್ಚಿ! ಎಂಆರ್‌ಐ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಸರ್ಜನ್ ಆ ತುಂಡನ್ನು ತೆಗೆದು ನರಗಳಿಗೆ ಜಾಗ ಮಾಡಿಕೊಡುತ್ತಾರೆ.

ಸಮಯ ಎಷ್ಟಿದೆ? ವಾರವಲ್ಲ, ಗಂಟೆಗಳು! 48 ಗಂಟೆಯೊಳಗೆ ಎಂಬ ಮಾತಿದೆ. ಹಾಗೆಂದು ಅಷ್ಟು ಹೊತ್ತು ಕಾಯಬಹುದು ಎಂದಲ್ಲ! ಮೂತ್ರ ಇನ್ನೂ ಕಷ್ಟಪಟ್ಟಾದರೂ ಹೋಗುತ್ತಿರುವಾಗಲೇ ಒತ್ತಡ ತೆಗೆದರೆ ಚೇತರಿಕೆಯ ಸಾಧ್ಯತೆ ಹೆಚ್ಚು. ಪೂರ್ತಿ ಕಟ್ಟಿದ ಮೇಲೆ ನರಗಳು ಮೊದಲಿನಂತಾಗುವ ಭರವಸೆ ಕಡಿಮೆ.

ಸೊಂಟನೋವು ಬಂದವರಲ್ಲಿ ಈ ಸ್ಥಿತಿ ತಲುಪುವವರು ತೀರಾ ವಿರಳ. ಹಾಗಾದರೆ ಗುರುತಿಸುವುದು ಹೇಗೆ? ಸೊಂಟನೋವಿನ ಜೊತೆ ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಸಾಕು: ಎರಡೂ ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ತೊಡೆಸಂದಿ-ಗುದದ ಸುತ್ತ ಮರಗಟ್ಟುವಿಕೆ, ಮೂತ್ರ ಕಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು.

ಎಣ್ಣೆ ತಿಕ್ಕುತ್ತಾ ಕೂರಬೇಡಿ! ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಅನ್ನಬೇಡಿ! ಎಂಆರ್‌ಐ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆ ರಾತ್ರಿಯೇ ಹೊರಡಿ. ಅಲ್ಲಿ 'ಬೆನ್ನುನೋವು' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸಂಕೋಚ ಬಿಟ್ಟು ಮೊದಲ ಮಾತಲ್ಲೇ ಹೇಳಿ: "ಡಾಕ್ಟ್ರೇ, ಮೂತ್ರ ಹೋಗ್ತಿಲ್ಲ, ಕೆಳಗೆ ಮುಟ್ಟಿದ್ರೆ ಗೊತ್ತಾಗ್ತಿಲ್ಲ!"