ದೊಡ್ಡ ಪಾಲುದಾರ ಕಂಪನಿ ಮಾರಿದರೆ ಸಣ್ಣವನ ಷೇರು ಏನಾಗುತ್ತದೆ?

ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ ನಡೆಸುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ಷೇರು ವಿತರಣೆಗೆ ಬಂತು. ಮೊದಲೇ ಹಣ ಹೂಡಿದ್ದ ಮಂಡಲ ಕ್ಯಾಪಿಟಲ್ ಆಗ ಷೇರು ಮಾರಿತು. ತೇರದಾಳದ ಖಾಸಗಿ ಪವರ್‌ಲೂಮ್ ಕಂಪನಿಯೊಂದರಲ್ಲಿ ಹಣ ಹಾಕಿದವರಿಗೆ ಇಂಥ ಅವಕಾಶ ಸಿಗುವುದು ಅಪರೂಪ. ಅವರು ಹೊರಬರುವ ದಾರಿ ಷೇರುದಾರರ ಕರಾರಿನಲ್ಲೇ ಇರಬೇಕು. ಆ ಕರಾರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಸಹಿ ಹಾಕುವವರು ಕನ್ನಡದಲ್ಲಿ ಕೇಳಿ ತಿಳಿಯುತ್ತಾರೆ.

ಅದನ್ನು ಕನ್ನಡಕ್ಕೆ ತರುವಾಗ ಟ್ಯಾಗ್ ಅಲಾಂಗ್, ಡ್ರ್ಯಾಗ್ ಅಲಾಂಗ್ ಎಂಬ ಕಲಮುಗಳ ಹೆಸರುಗಳನ್ನು ಹಾಗೇ ಬಿಟ್ಟು, ಯಾರು ಯಾರಿಗೆ ಏನು ಮಾಡಬಹುದು ಎಂಬುದನ್ನು ಬಿಡಿಸಿ ಬರೆಯುವುದು ಒಳ್ಳೆಯದು. ಟ್ಯಾಗ್ ಸಣ್ಣವನ ಹಕ್ಕು: ದೊಡ್ಡವನು ಮಾರಿದರೆ ಅದೇ ದರಕ್ಕೆ ತಾನೂ ಮಾರಬಹುದು, ಬೇಡವಾದರೆ ಬಿಡಬಹುದು. ಡ್ರ್ಯಾಗ್ ದೊಡ್ಡವನ ಹಕ್ಕು: ಆತ ಕರೆದರೆ ಸಣ್ಣವನು ಮಾರಲೇಬೇಕು. 'ಮಾರಬಹುದು', 'ಮಾರಲೇಬೇಕು' ಅದಲುಬದಲಾದರೆ ಕರಾರೇ ತಲೆಕೆಳಗಾಗುತ್ತದೆ.

ಟ್ಯಾಗ್ ಕಲಮನ್ನು ಅಂಕಿ ಹಾಕಿ ನೋಡೋಣ. ಒಟ್ಟು 8,000 ಷೇರು. ಮಾಲೀಕನದು 7,500, ನಿಮ್ಮದು 500. ಹೊರಗಿನವರೊಬ್ಬರು ಷೇರಿಗೆ ₹400ರಂತೆ 4,000 ಷೇರು ಕೇಳುತ್ತಾರೆ. 'ಪಾಲಿನ ಪ್ರಮಾಣದಲ್ಲಿ' ಎಂದು ಟ್ಯಾಗ್ ಇದ್ದರೆ ಇಬ್ಬರೂ ಅರ್ಧರ್ಧ ಮಾರುತ್ತೀರಿ. ನಿಮ್ಮ 250 ಷೇರಿಗೆ ₹1 ಲಕ್ಷ ಬರುತ್ತದೆ, ಉಳಿದ 250 ಹೊಸ ಪಾಲುದಾರನ ಜೊತೆ ಕಂಪನಿಯಲ್ಲೇ ಉಳಿಯುತ್ತವೆ. ಆದ್ದರಿಂದ ಹಿಡಿತ ಕೈಬದಲಾದಾಗ ಸಣ್ಣವನು ಎಲ್ಲ ಷೇರನ್ನೂ ಮಾರಬಹುದು ಎಂಬ ಸಾಲನ್ನು ಕೇಳಿ ಪಡೆಯಬೇಕು. ನೋಟಿಸಿನ ಗಡುವನ್ನೂ ನೋಡಿ. ಗಡುವಿನೊಳಗೆ ಉತ್ತರ ಕೊಡದಿದ್ದರೆ ಹಕ್ಕು ಬಿಟ್ಟಂತೆ ಎಂದು ಬಹಳ ಕರಾರುಗಳಲ್ಲಿ ಬರೆದಿರುತ್ತದೆ.

ಡ್ರ್ಯಾಗ್‌ನಲ್ಲಿ ಮೊದಲು ಶೇಕಡಾವಾರು ನೋಡಬೇಕು. '75% ಷೇರು ಹೊಂದಿದವರು ಒಪ್ಪಿದರೆ' ಎಂದಿದ್ದರೆ ಹತ್ತಾರು ಜನ ಕೂಡಿ ತೀರ್ಮಾನಿಸುತ್ತಾರೆ ಅನ್ನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಮಾಲೀಕನೊಬ್ಬನ ಕೈಯಲ್ಲೇ 93.75% ಇದೆ. ಕನ್ನಡ ಪ್ರತಿಯಲ್ಲಿ 'ಅಂದರೆ ಮಾಲೀಕನೊಬ್ಬನೇ ಸಾಕು' ಎಂದು ಟಿಪ್ಪಣಿ ಹಾಕಲೇಬೇಕು. ಕನಿಷ್ಠ ದರವೆಷ್ಟು, ಇಬ್ಬರಿಗೂ ಒಂದೇ ದರವೇ, ಮುಂದೆ ತಕರಾರು ಬಂದರೆ ನಿಮ್ಮ ಹೊಣೆ ಕೈಸೇರಿದ ಹಣದಷ್ಟಕ್ಕೇ ನಿಲ್ಲುತ್ತದೆಯೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಈ ಮಿತಿಗಳಿಲ್ಲದ ಡ್ರ್ಯಾಗ್‌ಗೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಯಾವುದು ನಿಲ್ಲುತ್ತದೆ ಎಂದು ಬರೆದಿರಬೇಕು. ಸಾಮಾನ್ಯವಾಗಿ ಇಂಗ್ಲಿಷೇ ನಿಲ್ಲುತ್ತದೆ, ಹಾಗಾಗಿ ಕನ್ನಡ ಪ್ರತಿಯನ್ನು ಕಲಮಿನ ಸಂಖ್ಯೆಗೆ ಸರಿಹೊಂದಿಸಿ ಇಟ್ಟುಕೊಳ್ಳಿ.

ಕರಾರಿನಲ್ಲಿದ್ದರಷ್ಟೇ ಸಾಲದು. ಖಾಸಗಿ ಕಂಪನಿಯ ಷೇರು ವರ್ಗಾವಣೆಗೆ ಹಾಕುವ ನಿರ್ಬಂಧ ಕಂಪನಿಯ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕದು ಎಂದು ವಿ.ಬಿ. ರಂಗರಾಜ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್ಟಿಕಲ್ಸ್‌ನ ಪ್ರತಿಯನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ತೆಗೆಸಬಹುದು. ಹಣ ಕೊಡುವ ಮೊದಲು ಟ್ಯಾಗ್, ಡ್ರ್ಯಾಗ್ ಎರಡೂ ಕಲಮುಗಳು ಅದರಲ್ಲಿ ಸೇರಿವೆಯೇ ಎಂದು ನೋಡಿ. ಇಲ್ಲದಿದ್ದರೆ ವಿಶೇಷ ನಿರ್ಣಯದ ಮೂಲಕ ಸೇರಿಸಲು ಕೇಳಿ.